ಫೋರ್ ಟ್ವೆಂಟಿ ಈಗ ಎಷ್ಟು?

2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಆಗ ಜನ ಮೊದಲು ಕೇಳಿದ ಪ್ರಶ್ನೆಗಳಲ್ಲಿ ಇದೊಂದು: ‘ಹಾಗಾದ್ರೆ ಫೋರ್ ಟ್ವೆಂಟಿ ಈಗ ಎಷ್ಟು?’ ಉತ್ತರ 318(4). ಕೇಳಿದವರು ನಂಬರು ನೆನಪಿಟ್ಟುಕೊಂಡು ಹೊರಟರು. ಕಲಮುಗಳಿಗೆ ನಂಬರು ಹಾಕುವುದರಲ್ಲಿ ಸುಖ ಕಾಣುವವರ ಕಣ್ಣು ಮಾತ್ರ ಆ ಕಂಸದೊಳಗಿನ ನಾಲ್ಕರ ಮೇಲೇ ನಿಂತಿತು.

ಅಂಥವರು ಕಡಿಮೆ, ಆದರೆ ಇದ್ದಾರೆ. ವಕೀಲರ ಕಚೇರಿಯಲ್ಲಿ ಒಬ್ಬರು, ಸಹಕಾರ ಸಂಘದಲ್ಲಿ ಒಬ್ಬರು, ಅಪಾರ್ಟ್‌ಮೆಂಟ್ ಸಮಿತಿಯಲ್ಲಿ ಬೈಲಾ ತಿದ್ದಲು ತಾನಾಗಿ ಮುಂದೆ ಬಂದ ಇನ್ನೊಬ್ಬರು. 1860ರ ಸಂಹಿತೆಯ 415ರಿಂದ 420ರವರೆಗಿನ ಆರು ಕಲಮುಗಳನ್ನು ಅವರೆದುರು ಇಟ್ಟರೆ ಒಂದು ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ. ಮೋಸ ಎಂದರೇನು ಎಂಬುದು 415ರಲ್ಲಿ. ಇನ್ನೊಬ್ಬರಂತೆ ನಟಿಸಿ ಮಾಡುವ ಮೋಸ ಯಾವುದೆಂಬುದು 416ರಲ್ಲಿ. ಸಾಮಾನ್ಯ ಮೋಸಕ್ಕೆ ಶಿಕ್ಷೆ 417. ಯಾರ ಹಿತ ಕಾಯಬೇಕಾಗಿತ್ತೋ ಅವರಿಗೇ ಬಗೆದ ಮೋಸಕ್ಕೆ 418. ನಟನೆಯ ಮೋಸಕ್ಕೆ ಶಿಕ್ಷೆ 419. ಮೋಸ ಮಾಡಿ ಆಸ್ತಿ ಕೈಸೇರಿಸಿಕೊಂಡವರಿಗೆ 420. ಆರೂ ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ ನಿಂತಿದ್ದವು. 416 ಮತ್ತು 419 ಒಂದಕ್ಕೊಂದು ಸೇರಿದವು ಎಂಬುದನ್ನು ನಂಬರು ಹೇಳುತ್ತಿರಲಿಲ್ಲ, ಓದುವವರೇ ಕಂಡುಕೊಳ್ಳಬೇಕಿತ್ತು.

ಹೊಸ ಸಂಹಿತೆ ಈ ಆರನ್ನು ಎರಡಾಗಿ ಕೂಡಿಸಿತು. 415 ಈಗ 318(1). ಅದರ ಕೆಳಗೆ 417 ಬಂದು 318(2) ಆಯಿತು, 418 ಬಂದು 318(3), 420 ಬಂದು 318(4). 416 ಮತ್ತು 419 ಬೇರೆಯಾಗಿ ಹೋಗಿ 319(1), 319(2) ಎಂದು ಒಟ್ಟಿಗೆ ಕೂತವು. ಹೊಸ ಕಾನೂನಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಜೋಡಣೆ ಅಚ್ಚುಕಟ್ಟಾಗಿದೆ. ವ್ಯಾಖ್ಯೆ ಮೇಲೆ, ಶಿಕ್ಷೆ ಅದರ ಒಡಲಲ್ಲಿ. ಯಾವುದು ಯಾವುದಕ್ಕೆ ಸೇರಿದ್ದೆಂಬುದು ನಂಬರಿನಲ್ಲೇ ಕಾಣುತ್ತದೆ.

ನಮ್ಮ ದೇಶದ ಕಾನೂನುಗಳ ಮಟ್ಟಗಳು ಬಹುಕಾಲದಿಂದ ಗೊತ್ತಾದವು. ಮೊದಲು ಪ್ರಕರಣ, ಅದಕ್ಕೆ ಬರಿಯ ಅಂಕಿ. ಅದರೊಳಗೆ ಉಪಪ್ರಕರಣ, ಅದಕ್ಕೆ ಕಂಸದೊಳಗೆ ಅಂಕಿ. ಮುಂದೆ ಖಂಡ, ಕಂಸದೊಳಗೆ ಅಕ್ಷರ. ಆಮೇಲೆ ಉಪಖಂಡ, ಕಂಸದೊಳಗೆ ಚಿಕ್ಕ ರೋಮನ್ ಅಂಕಿ. ಲೇಬಲ್ಲಿನ ಮುಖ ನೋಡಿದರೆ ಸಾಕು, ಎಷ್ಟನೇ ಮೆಟ್ಟಿಲಲ್ಲಿದ್ದೇವೆ ಎಂಬುದು ತಿಳಿಯಬೇಕು.

ಕನ್ನಡದಲ್ಲಿ ಬೈಲಾ ಬರೆಯುವಾಗ ಇಲ್ಲಿಯೇ ಒಂದು ಸೊಗಸಾದ ತೊಡಕು ಏಳುತ್ತದೆ. ಖಂಡಗಳಿಗೆ ಕೆಲವರು ಅ, ಆ, ಇ ಹಾಕುತ್ತಾರೆ. ಕೆಲವರು ಎ, ಬಿ, ಸಿ. ಎರಡೂ ಸರಿಯೇ. ಆದರೆ ಮೂವರು ಸೇರಿ ಬರೆದ ಬೈಲಾದಲ್ಲಿ ಎರಡೂ ಬೆರೆತಿರುತ್ತವೆ. ಆಗ ‘ಖಂಡ (ಇ)’ ಎಂದರೆ ಯಾವುದು? ಅ, ಆ, ಇ ಎಂದು ಎಣಿಸಿದರೆ ಮೂರನೆಯದು. ಎ, ಬಿ, ಸಿ, ಡಿ, ಇ ಎಂದು ಎಣಿಸಿದರೆ ಐದನೆಯದು. (ಎ) ಒಂದು ಕಡೆ ಮೊದಲನೆಯದು, ಇನ್ನೊಂದು ಕಡೆ ಎಂಟನೆಯದು. ಋ ಬಿಟ್ಟು ಎಣಿಸುವವರಿಗೆ ಏಳನೆಯದು. (ಐ) ಇನ್ನೂ ತಂಟೆಕೋರ: ಅದು ಕನ್ನಡ ಸ್ವರವೂ ಆಗಬಹುದು, ಎಚ್ ಆದಮೇಲಿನ ಇಂಗ್ಲಿಷ್ ಅಕ್ಷರವೂ ಆಗಬಹುದು, ರೋಮನ್ ಒಂದೂ ಆಗಬಹುದು. ಹಾಗಾಗಿ ಬಲ್ಲವರು ಕೆಲಸ ಶುರು ಮಾಡುವ ಮುನ್ನವೇ ಒಂದು ಹಾಳೆಯಲ್ಲಿ ತೀರ್ಮಾನ ಬರೆದಿಡುತ್ತಾರೆ: ಖಂಡಗಳಿಗೆ ಅ, ಆ, ಇ ಮಾತ್ರ, ಋ ಬೇಡ, ಉಪಖಂಡಗಳಿಗೆ ರೋಮನ್, ಅದೂ (i), (ii) ಎಂದು ರೋಮನ್ ಲಿಪಿಯಲ್ಲೇ.

ಇನ್ನು ಒಡೆಯುವ ಕೆಲಸ. ಅಪಾರ್ಟ್‌ಮೆಂಟ್ ಸಂಘವೊಂದರ ಬೈಲಾದ 12ನೇ ಕಲಂ ಹೀಗಿದೆ ಎಂದುಕೊಳ್ಳಿ: ‘ಮಾಲೀಕರು, ಅವರ ಕುಟುಂಬದವರು ಮತ್ತು ಮೂರು ತಿಂಗಳಿಂದ ವಾಸವಿರುವ ಬಾಡಿಗೆದಾರರು ಮುಂಗಡ ಶುಲ್ಕ ಕಟ್ಟಿ ಸಭಾಂಗಣ ಬಳಸಬಹುದು.’ ಇದನ್ನು (ಅ) ಮಾಲೀಕರು, (ಆ) ಕುಟುಂಬದವರು, (ಇ) ಬಾಡಿಗೆದಾರರು ಎಂದು ಒಡೆದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ‘ಮೂರು ತಿಂಗಳಿಂದ ವಾಸವಿರುವ’ ಎಂಬುದು ಬಾಡಿಗೆದಾರರಿಗಷ್ಟೇ ಅಂಟಿಕೊಂಡಿದೆ, ಅದು (ಇ) ಒಳಗೇ ಹೋಗಬೇಕು. ‘ಮುಂಗಡ ಶುಲ್ಕ ಕಟ್ಟಿ’ ಮೂವರಿಗೂ ಸೇರಿದ್ದು. ಅದನ್ನು (ಇ) ಸಾಲಿನ ಕೊನೆಗೇ ಬಿಟ್ಟರೆ, ಶುಲ್ಕ ಬಾಡಿಗೆದಾರರಿಗೆ ಮಾತ್ರ ಎಂದು ಮಾಲೀಕರೊಬ್ಬರು ನಾಳೆ ವಾದಿಸಬಹುದು. ಆದ್ದರಿಂದ ಆ ಮಾತನ್ನು ಪಟ್ಟಿಯ ಮೇಲಿನ ಸಾಲಿಗೆ ತರಬೇಕು: ‘ಈ ಕೆಳಗಿನವರು ಮುಂಗಡ ಶುಲ್ಕ ಕಟ್ಟಿ ಸಭಾಂಗಣ ಬಳಸಬಹುದು.’ ಒಂದು ಪದವನ್ನೂ ಬದಲಿಸದೆ, ಬರೀ ಸಾಲು ಮುರಿಯುವ ಜಾಗದಿಂದ ಒಬ್ಬರ ಹಕ್ಕು ಹೆಚ್ಚು ಕಡಿಮೆಯಾಗುತ್ತದೆ. ಈ ಕಸುಬಿನ ರುಚಿ ಹತ್ತುವುದು ಇಲ್ಲೇ. ನಂಬರು ಹಾಕಲು ಕೂತವರು ಬರೆದವರಿಗಿಂತ ಹೆಚ್ಚು ಗಮನವಿಟ್ಟು ಓದಬೇಕಾಗುತ್ತದೆ.

ಬೆವರಿಳಿಸುವ ಭಾಗ ಪರಸ್ಪರ ಉಲ್ಲೇಖಗಳದ್ದು. ಹಳೆಯ 12 ಈಗ 14 ಆಗಬೇಕು, ಹಳೆಯ 14 ಈಗ 17 ಆಗಬೇಕು. ಮೊದಲು 12 ಇದ್ದಲ್ಲೆಲ್ಲ 14 ಎಂದು ಬದಲಿಸಿ, ಆಮೇಲೆ 14 ಇದ್ದಲ್ಲೆಲ್ಲ 17 ಎಂದು ಬದಲಿಸಿದರೆ, ಹೊಸದಾಗಿ 14 ಆದದ್ದೂ 17ಕ್ಕೆ ಹಾರುತ್ತದೆ. ಎಲ್ಲವೂ ಒಂದೇ ಗುಂಡಿಗೆ ಬೀಳುತ್ತವೆ, ಹಿಂದಕ್ಕೆ ಬಿಡಿಸಲು ದಾರಿಯಿಲ್ಲ. ಪಳಗಿದವರು ಮೊದಲ ಸುತ್ತಿನಲ್ಲಿ ‘ಕಲಂ 12’ ಎಂಬುದನ್ನು `[[K12]]`, ‘ಕಲಂ 14’ ಎಂಬುದನ್ನು `[[K14]]` ಎಂದು ಗುರುತು ಹಾಕುತ್ತಾರೆ. ಒಂದೊಂದನ್ನೂ ಕಣ್ಣಿಂದ ನೋಡಿಯೇ ಹಾಕಬೇಕು, ಏಕೆಂದರೆ ‘12 ತಿಂಗಳು’ ಮತ್ತು ‘ಶೇ 12 ಬಡ್ಡಿ’ ಕಲಮುಗಳಲ್ಲ. ಎರಡನೇ ಸುತ್ತಿನಲ್ಲಿ ಗುರುತುಗಳ ಜಾಗಕ್ಕೆ ಹೊಸ ನಂಬರು. ಕೊನೆಗೆ `[[` ಎಂದು ಹುಡುಕಿದಾಗ ಏನೂ ಸಿಗಬಾರದು.

ವರ್ಡ್‌ನಲ್ಲಿ ಉಲ್ಲೇಖಗಳನ್ನು ಕೈಯಲ್ಲಿ ಟೈಪ್ ಮಾಡದೆ ಕ್ರಾಸ್ ರೆಫರೆನ್ಸ್ ಆಗಿ ಸೇರಿಸಿದ್ದರೆ `Ctrl+A`, `F9` ಒತ್ತಿದಾಗ ಅವು ತಾವೇ ಸರಿಹೋಗುತ್ತವೆ. ಅಳಿಸಿದ ಕಲಮನ್ನು ತೋರಿಸುತ್ತಿದ್ದ ಕಡೆ `Error! Reference source not found.` ಎಂದು ಬರುತ್ತದೆ. ಅದು ಒಳ್ಳೆಯದೇ, ತಪ್ಪು ಕಣ್ಣಿಗೆ ಬಿತ್ತು. ಯಂತ್ರ ಹಿಡಿಯಲಾರದ ತಪ್ಪೆಂದರೆ ‘ಮೇಲ್ಕಂಡಂತೆ’ ಎಂಬ ಮಾತು. ಕಲಂ ಜಾಗ ಬದಲಿಸಿದ ಮೇಲೆ ‘ಮೇಲ್ಕಂಡ’ದ್ದು ಕೆಳಗೆ ಹೋಗಿರುತ್ತದೆ, ನಂಬರಿನ ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಅದಕ್ಕೆ ಮದ್ದು, ಪ್ರತಿ ‘ಮೇಲ್ಕಂಡ’, ‘ಸದರಿ’, ‘ಹಿಂದೆ ಹೇಳಿದ’ ಪದದ ಮುಂದೆ ನಿಂತು ಯಾವುದೆಂದು ಕೇಳಿ, ನಂಬರನ್ನೇ ಬರೆಯುವುದು.

ಇಷ್ಟು ಕಷ್ಟವಿರುವುದರಿಂದಲೇ ಸಂವಿಧಾನದ ನಂಬರುಗಳನ್ನು ಯಾರೂ ಮುಟ್ಟುವುದಿಲ್ಲ. ಶಿಕ್ಷಣದ ಹಕ್ಕು 86ನೇ ತಿದ್ದುಪಡಿಯಲ್ಲಿ ಬಂದಾಗ 21 ಮತ್ತು 22ರ ನಡುವೆ 21ಎ ಆಗಿ ಕೂತಿತು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 98ನೇ ತಿದ್ದುಪಡಿ 371ರ ಬಾಲಕ್ಕೆ ಅಕ್ಷರ ಸೇರಿಸಿ 371ಜೆ ಆಯಿತು. ಆಸ್ತಿ ಹಕ್ಕಿನ 31ನೇ ಅನುಚ್ಛೇದವನ್ನು 44ನೇ ತಿದ್ದುಪಡಿ ತೆಗೆದುಹಾಕಿತು, ಆದರೂ 31ಎ ಇದ್ದಲ್ಲೇ ಇದೆ, 32 ಮೇಲಕ್ಕೆ ಸರಿಯಲಿಲ್ಲ. ಸರಿದಿದ್ದರೆ ಅಷ್ಟೂ ವರ್ಷಗಳ ತೀರ್ಪುಗಳಲ್ಲಿರುವ ‘ಅನುಚ್ಛೇದ 32’ ಬೇರೆ ಯಾವುದನ್ನೋ ತೋರಿಸುತ್ತಿತ್ತು.

ಸಂಘದ ಬೈಲಾಕ್ಕೆ ಅಷ್ಟು ಭಾರದ ಇತಿಹಾಸವಿಲ್ಲ, ಅದನ್ನು ಧೈರ್ಯವಾಗಿ ಹೊಸದಾಗಿ ಜೋಡಿಸಬಹುದು. ಆದರೆ ಹಳೆಯ ನೋಟಿಸು, ನಿರ್ಣಯ, ರಸೀದಿಗಳಲ್ಲಿ ಹಳೆಯ ನಂಬರುಗಳೇ ಇರುತ್ತವೆ. ನಿಮ್ಮ ಸಂಘದಲ್ಲಿ ಈ ಕೆಲಸಕ್ಕೆ ಕೈಹಾಕುವುದಾದರೆ, ಹಳೆ ನಂಬರು ಎಡಕ್ಕೆ, ಹೊಸ ನಂಬರು ಬಲಕ್ಕೆ ಇರುವ ಪಟ್ಟಿಯೊಂದನ್ನು ಬೈಲಾದ ಕೊನೆಗೆ ಅನುಬಂಧವಾಗಿ ಸೇರಿಸಿ. ತೆಗೆದ ಕಲಮಿನ ಎದುರು ಖಾಲಿ ಬಿಡಬೇಡಿ, ‘ಕೈಬಿಡಲಾಗಿದೆ’ ಎಂದು ಬರೆಯಿರಿ. ಬೈಲಾ ಮಹಾಸಭೆಯ ಮುಂದೆ ಹೋಗುವಾಗ ಆ ಪಟ್ಟಿಯೂ ಜೊತೆಗೇ ಹೋಗಲಿ.