ಅರ್ಜಿಯ ಮೇಲಿನ ಪತ್ರ

ಬೇಸಿಗೆಯ ರಜೆ ಆರಂಭವಾಯಿತೆಂದರೆ ನಮ್ಮ ನಾಡಿನ ಖಾಸಗಿ ಶಾಲೆಗಳ ಕಛೇರಿಗಳಿಗೆ ಶಿಕ್ಷಕ ಹುದ್ದೆಯ ಅರ್ಜಿಗಳು ಬರತೊಡಗುತ್ತವೆ. ಸರ್ಕಾರಿ ಹುದ್ದೆಗಾದರೆ ಗಣಕಯಂತ್ರದ ಮುಂದೆ ಕುಳಿತು ಗೊತ್ತುಪಡಿಸಿದ ಅಂಕಣಗಳನ್ನು ತುಂಬಿದರೆ ಮುಗಿಯಿತು. ಅಲ್ಲಿ ಅಭ್ಯರ್ಥಿಯ ಮಾತಿಗೆ ಎಡೆಯಿಲ್ಲ. ಸಣ್ಣ ಊರಿನ ಖಾಸಗಿ ಶಾಲೆಗೆ ಮಾತ್ರ ಇಂದಿಗೂ ಅಂಕಪಟ್ಟಿಗಳ ಮೇಲೊಂದು ಪತ್ರವನ್ನಿಟ್ಟು ಕಳುಹಿಸುವ ರೂಢಿ ಉಳಿದಿದೆ. ಕವರಿಂಗ್ ಲೆಟರ್ ಎಂದು ಕಛೇರಿಯವರು ಕರೆಯುವುದು ಇದನ್ನೇ. ಒಂದು ವಿದ್ಯಾಸಂಸ್ಥೆಯ ಆಯ್ಕೆ ಸಮಿತಿಯಲ್ಲಿ ಕೆಲವು ವರ್ಷ ಕುಳಿತಿರುವ ನಮಗೆ ಇಂಥ ಪತ್ರಗಳ ಪರಿಚಯ ಸಾಕಷ್ಟಿದೆ. ನೂರು ಪತ್ರಗಳಲ್ಲಿ ತೊಂಬತ್ತು ಒಂದೇ ಕೈ ಬರೆದಂತಿರುತ್ತವೆ. 'ಈ ಮೂಲಕ ತಮ್ಮಲ್ಲಿ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಮೊದಲಾಗಿ, 'ತಾವು ಅವಕಾಶ ಮಾಡಿಕೊಟ್ಟಲ್ಲಿ ಪ್ರಾಮಾಣಿಕವಾಗಿ ಸೇವೆ ಸಲ್ಲಿಸುತ್ತೇನೆ' ಎಂದು ಮುಗಿಯುತ್ತವೆ. ಮಠದ ಸಂಸ್ಥೆಯಾದರೆ ಶ್ರೀಗಳವರ ಬಿರುದುಗಳಿಗೇ ಅರ್ಧ ಪುಟ ಸಲ್ಲುತ್ತದೆ. ಬಿರುದುಗಳು ಮುಗಿಯುವ ಹೊತ್ತಿಗೆ ಓದುವವರ ಗಮನವೂ ಮುಗಿದಿರುತ್ತದೆಂಬುದು ಪಾಪ, ಬರೆಯುವವರಿಗೆ ತಿಳಿಯದು.

ಕಳೆದ ಬೇಸಿಗೆಯಲ್ಲಿ ಮರಿಯಮ್ಮನಹಳ್ಳಿಯ ಒಬ್ಬ ಹೆಣ್ಣುಮಗಳು ಇಂಥದೇ ಒಂದು ಪತ್ರವನ್ನು ಹಿಡಿದು ಬಂದಳು. ಬಿ.ಎಸ್ಸಿ., ಬಿ.ಎಡ್. ಮುಗಿಸಿದ್ದಳು. ಅದೇ ಊರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನದ ಹುದ್ದೆ ಖಾಲಿಯಿತ್ತು. ಆ ಶಾಲೆಗೂ ನಮಗೂ ಸಂಬಂಧವಿಲ್ಲ. ಅವಳು ಬಯಸಿ ಬಂದದ್ದು ನಮ್ಮ ಶಿಫಾರಸನ್ನು. ಪತ್ರದ ಮೊದಲ ಸಾಲಿನಲ್ಲಿಯೇ ತಮ್ಮ ಮನೆತನ ಮಠದ ಭಕ್ತವರ್ಗಕ್ಕೆ ಸೇರಿದ್ದೆಂದು ಬರೆದುಕೊಂಡಿದ್ದಳು. 'ತಾಯಿ, ಮಕ್ಕಳಿಗೆ ಲೆಕ್ಕ ಹೇಳಿಕೊಡಲು ನಿಮ್ಮ ಮನೆತನ ಯಾವುದಾದರೇನು? ಈ ಸಾಲನ್ನು ಮೊದಲು ಹೊಡೆದುಹಾಕು' ಎಂದೆವು. ಅವಳ ಮುಖ ಬಾಡಿತು. ಶಿಫಾರಸು ದೊರೆಯದೆಂದು ತಿಳಿದಿತ್ತು. 'ಶಿಫಾರಸು ಬರೆದುಕೊಡುವುದಿಲ್ಲ, ಆದರೆ ಪತ್ರವನ್ನು ನಿನ್ನೊಡನೆ ಕುಳಿತು ಓದುತ್ತೇವೆ' ಎಂದಾಗ ಅರೆಮನಸ್ಸಿನಿಂದ ಕುಳಿತಳು.

ಪತ್ರದ ನಡುವೆ 'ಯಾವುದೇ ತರಗತಿಗೆ, ಯಾವುದೇ ವಿಷಯವನ್ನು ಬೋಧಿಸಲು ಸಿದ್ಧಳಿದ್ದೇನೆ' ಎಂಬ ಮಾತಿತ್ತು. ಹೊಸಬರೆಲ್ಲರೂ ಇದನ್ನು ಒಂದು ಗುಣವೆಂದು ಭಾವಿಸಿ ಬರೆಯುತ್ತಾರೆ. ಓದುವವರಿಗೆ ಇದರಿಂದ ತೋರುವುದು ಅಭ್ಯರ್ಥಿಗೆ ನಿಯಮ ತಿಳಿದಿಲ್ಲವೆಂಬುದು ಮಾತ್ರ. ಬಿ.ಎಡ್. ಪದವಿ 1ರಿಂದ 5ನೆಯ ತರಗತಿಗಳ ಶಿಕ್ಷಕರಿಗೆ ಅರ್ಹತೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟ್ ತಿಂಗಳಿನಲ್ಲಿ ತೀರ್ಪು ನೀಡಿದೆ. ಆ ತರಗತಿಗಳಿಗೆ ಬೇರೆಯೇ ತರಬೇತಿ ಬೇಕು. ವಿಷಯದ ಮಾತೂ ಹಾಗೆಯೇ. ಪದವಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರನ್ನು ಪ್ರೌಢಶಾಲೆಯವರು ಗಣಿತದ ಹುದ್ದೆಗೆ ಕರೆಯುತ್ತಾರೆ; ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರ ಹುದ್ದೆ ಬೇರೆ. ಹೀಗಿರಲು ಪತ್ರದ ಮೊದಲ ವಾಕ್ಯದಲ್ಲಿ ಯಾವ ಪ್ರಕಟಣೆಯನ್ನು ನೋಡಿ, ಯಾವ ಹುದ್ದೆಗೆ, ಯಾವ ಅರ್ಹತೆಯಿಂದ ಬರೆಯುತ್ತಿದ್ದೇನೆಂಬುದಿದ್ದರೆ ಮುಖ್ಯೋಪಾಧ್ಯಾಯರು ಮುಂದಿನ ವಾಕ್ಯವನ್ನು ಓದುತ್ತಾರೆ. ಇಲ್ಲವಾದರೆ ಕಾಗದ ಪಕ್ಕಕ್ಕೆ ಸರಿಯುತ್ತದೆ.

'ಸಾಂಸ್ಕೃತಿಕ ಚಟುವಟಿಕೆಗಳಲ್ಲಿ ಆಸಕ್ತಿ' ಎಂದೂ ಇತ್ತು. ಮರಿಯಮ್ಮನಹಳ್ಳಿ ರಂಗಕಲಾವಿದರ ಊರು. ಅಲ್ಲಿ ಆಸಕ್ತಿಯಿಲ್ಲದವರನ್ನು ಹುಡುಕುವುದೇ ಕಷ್ಟ. ಏನು ಮಾಡಿದ್ದೀಯೆಂದು ಕೇಳಿದರೆ, ವೇಷ ಕಟ್ಟಿಲ್ಲ, ನಾಟಕದ ತಾಲೀಮಿನಲ್ಲಿ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಟ್ಟಿದ್ದೇನೆಂದಳು. ಶಾಲೆಯ ವಾರ್ಷಿಕೋತ್ಸವಕ್ಕೆ ಬೇಕಾದವರು ಅಂಥವರೇ. ಅದನ್ನು ಒಂದು ಸಾಲಿನಲ್ಲಿ ಬರೆಯೆಂದೆವು.

ಇನ್ನು ಅಂಕಪಟ್ಟಿಗಳು. ಆಯ್ಕೆ ಸಮಿತಿಯಲ್ಲಿ ಅನುಭವವುಳ್ಳವರು ಮೊದಲು ನೋಡುವುದು ಅಂಕಗಳನ್ನಲ್ಲ, ತಿಂಗಳು ಮತ್ತು ವರ್ಷವನ್ನು. ಇವಳು 2022ರಲ್ಲಿ ಪದವಿ ಮುಗಿಸಿ 2023ರಲ್ಲಿ ಬಿ.ಎಡ್. ಸೇರಿದ್ದಳು, ನಡುವೆ ಒಂದು ವರ್ಷ ಬರಿದಾಗಿತ್ತು. ಮೂರನೆಯ ಸೆಮಿಸ್ಟರಿನ ಗಣಿತ ಪತ್ರಿಕೆಯ ಮುಂದೆ ಬೇರೆ ತಿಂಗಳಿನ ಮೊಹರಿತ್ತು, ಎಂದರೆ ಎರಡನೆಯ ಸಲ ಬರೆದು ತೇರ್ಗಡೆಯಾದದ್ದು. ಪತ್ರದಲ್ಲಿ ಈ ಎರಡರ ಸೊಲ್ಲೇ ಇಲ್ಲ.

'ಅಜ್ಜಾರ, ಇದನ್ನೂ ಬರೀಬೇಕೇನ್ರಿ? ಫೇಲಾಗಿದ್ದನ್ನ ನಾನೇ ಹೇಳಿಕೊಂಡ್ರ ಯಾರು ಕೆಲಸ ಕೊಡ್ತಾರ?' ಎಂದು ಅವಳು ಕೇಳಿದಳು. ಅವಳ ತಂದೆ ಅದಿರಿನ ಲಾರಿ ಓಡಿಸುವವರು; ಕೆಳಗೆ ಓದುತ್ತಿರುವ ಇಬ್ಬರು ತಮ್ಮಂದಿರು. ಈ ಹುದ್ದೆ ಕೈತಪ್ಪಿದರೆ ಹೊಸಪೇಟೆಯ ಯಾವುದಾದರೂ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋಗಬೇಕೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಅವಳ ಅಂಜಿಕೆ ಸಹಜವಾದುದು. ಎಲ್ಲ ಕೊರತೆಗಳನ್ನೂ ಪತ್ರದಲ್ಲಿ ತೋಡಿಕೊಳ್ಳಬೇಕಾಗಿಲ್ಲ. ಇಂಗ್ಲಿಷ್ ಪತ್ರಿಕೆಯಲ್ಲಿ ಹೀಗಾಗಿದ್ದರೆ ಸುಮ್ಮನಿರು ಎನ್ನುತ್ತಿದ್ದೆವು. ಆದರೆ ಕಲಿಸಲು ಹೊರಟಿರುವುದು ಗಣಿತ, ಎಡವಿದ್ದೂ ಗಣಿತದಲ್ಲಿ. ಅಂಕಪಟ್ಟಿಯಲ್ಲಿ ಸಮಿತಿಯವರೇ ಅದನ್ನು ಕಂಡುಹಿಡಿದರೆ ಮುಚ್ಚಿಟ್ಟಳೆನಿಸುತ್ತದೆ. ಪತ್ರದಲ್ಲಿ ಮೊದಲೇ ಕಂಡರೆ ಅದೊಂದು ಸಂಗತಿಯಾಗಿ ಮಾತ್ರ ಉಳಿಯುತ್ತದೆ. ಒಂದೇ ವಾಕ್ಯ, ಕಾರಣಗಳ ಪುರಾಣ ಬೇಡ ಎಂದೆವು.

ಬರಿದಾದ ವರ್ಷದ ಕಥೆ ಬೇರೆಯಿತ್ತು. ತಾಯಿಗೆ ಶಸ್ತ್ರಚಿಕಿತ್ಸೆಯಾಗಿ ಮಗಳು ಮನೆಯಲ್ಲಿದ್ದಳು. ಸಂಜೆಯ ಹೊತ್ತು ಓಣಿಯ 11 ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದಳು. ಅದೇಕೆ ಪತ್ರದಲ್ಲಿಲ್ಲವೆಂದರೆ, ಮನೆಪಾಠ ಅನುಭವವಾಗುವುದಿಲ್ಲವಲ್ಲ ಎಂದಳು. ಅನುಭವವೆಂದು ಬರೆದರೆ ಸುಳ್ಳಾದೀತು, ನಿಜ. ಮನೆಪಾಠವೆಂದೇ ಬರೆದರೆ ಸುಳ್ಳಾಗದು.

ಬಿ.ಎಡ್. ವ್ಯಾಸಂಗ 2015ರಿಂದ ಎರಡು ವರ್ಷದ್ದಾಗಿದೆ. ಎರಡನೆಯ ವರ್ಷದಲ್ಲಿ 16 ವಾರಗಳ ಶಾಲಾ ಅಭ್ಯಾಸವಿದೆ. ಹೊಸ ಅಭ್ಯರ್ಥಿಯ ಕೈಯಲ್ಲಿರುವ ನಿಜವಾದ ಬಂಡವಾಳ ಈ 16 ವಾರಗಳೇ. ಆದರೂ ಯಾರ ಪತ್ರದಲ್ಲಿಯೂ ಇದಕ್ಕೆ 'ತರಬೇತಿ ಪಡೆದಿರುತ್ತೇನೆ' ಎಂಬುದಕ್ಕಿಂತ ಹೆಚ್ಚಿನ ಜಾಗವಿಲ್ಲ. ಆ ದಿನಗಳಲ್ಲಿ ಯಾವುದಾದರೂ ಪಾಠ ಕೆಟ್ಟಿತೇ ಎಂದು ಕೇಳಿದೆವು. ಸ್ವಲ್ಪ ಹೊತ್ತು ತಡೆದು ಅವಳು ಹೇಳಿದ್ದಿದು. 10ನೆಯ ತರಗತಿಗೆ ಲೋಹಗಳ ಪಾಠ. ಸಂಡೂರಿನ ಕಡೆಯಿಂದ ಬರುವ ಲಾರಿಗಳಿಂದ ರಸ್ತೆಗೆ ಬಿದ್ದ ಅದಿರಿನ ತುಂಡುಗಳನ್ನು ಮಕ್ಕಳಿಂದ ತರಿಸಿ, ಆಯಸ್ಕಾಂತ ಹಿಡಿದಳು. ಕಬ್ಬಿಣದ ಅದಿರು ಅಂಟಿಕೊಳ್ಳುವುದೆಂದು ಮಕ್ಕಳಿಗೆ ಮುಂಚೆಯೇ ಹೇಳಿಯಾಗಿತ್ತು. ಅದು ಅಂಟಲೇ ಇಲ್ಲ. ತರಗತಿಯೆಲ್ಲ ನಕ್ಕಿತು.

ಸಂಸ್ಕೃತ ಪಾಠಶಾಲೆಯಲ್ಲಿಯೂ ಆಮೇಲೆ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿಯೂ ಓದಿದ ನಮಗೂ ಇದು ಹೊಸ ವಿಷಯ. ಸಂಡೂರಿನ ಗುಡ್ಡಗಳಲ್ಲಿ ಹೆಚ್ಚಾಗಿ ದೊರೆಯುವುದು ಹೆಮಟೈಟ್ ಎಂಬ ಅದಿರು. ಅದರಲ್ಲಿ ಕಬ್ಬಿಣ ಹೇರಳವಾಗಿದ್ದರೂ ಆಮ್ಲಜನಕದೊಡನೆ ಕೂಡಿರುವ ಬಗೆಯಿಂದಾಗಿ ಆಯಸ್ಕಾಂತದ ಸೆಳೆತಕ್ಕೆ ಅದು ಬಹಳ ಕಡಿಮೆ ಒಳಗಾಗುತ್ತದೆ. ಚೆನ್ನಾಗಿ ಅಂಟುವುದು ಮ್ಯಾಗ್ನಟೈಟ್ ಎಂಬ ಇನ್ನೊಂದು ಅದಿರು. ಮರುದಿನ ಅವಳು ಅದಿರಿನ ಪುಡಿಯನ್ನು ಇದ್ದಿಲ ಪುಡಿಯೊಡನೆ ಬೆರೆಸಿ, ಒಂದು ಸಣ್ಣ ಮಣ್ಣಿನ ಕುಡಿಕೆಯಲ್ಲಿ ತುಂಬಿ ಮುಚ್ಚಿ, ಕಮ್ಮಾರನ ಕುಲುಮೆಯಲ್ಲಿ ಅರ್ಧ ಗಂಟೆ ಕೆಂಪಗೆ ಕಾಯಿಸಿ ತಂದಳು. ಇದ್ದಿಲು ಅದಿರಿನಿಂದ ಆಮ್ಲಜನಕದ ಒಂದಂಶವನ್ನು ಕಸಿದುಕೊಂಡಿತ್ತು. ಕೆಂಪು ಪುಡಿ ಕಪ್ಪಾಗಿತ್ತು. ಆಯಸ್ಕಾಂತ ಹತ್ತಿರ ಬಂದೊಡನೆ ಜಿಗಿದು ಅಂಟಿತು. ಅಪಕರ್ಷಣ ಎಂಬ ಮಾತನ್ನು ಆ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾಗಲಿಲ್ಲವಂತೆ.

ಇದನ್ನೇ ಬರೆಯೆಂದೆವು. ಕೆಟ್ಟ ಪಾಠವನ್ನೇ? ಹೌದು, ಕೆಟ್ಟದ್ದನ್ನೂ ಮರುದಿನ ಮಾಡಿದ್ದನ್ನೂ. ಮೂರು ಸಲ ಬರೆದು ಹೊಡೆದುಹಾಕಿದ ಮೇಲೆ ಪತ್ರ ಈ ರೂಪಕ್ಕೆ ಬಂದಿತು.

'ಮಾನ್ಯರೇ, ತಮ್ಮ ಶಾಲೆಯ ಸೂಚನಾ ಫಲಕದಲ್ಲಿ ಪ್ರಕಟಿಸಿರುವ ಗಣಿತ ಮತ್ತು ಭೌತವಿಜ್ಞಾನ ಶಿಕ್ಷಕರ ಹುದ್ದೆಗೆ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ವಿಷಯಗಳಲ್ಲಿ 2022ರಲ್ಲಿ ಬಿ.ಎಸ್ಸಿ. ಪದವಿಯನ್ನೂ, ಗಣಿತ ಮತ್ತು ಭೌತವಿಜ್ಞಾನ ಬೋಧನೆಯಲ್ಲಿ 2025ರಲ್ಲಿ ಬಿ.ಎಡ್. ಪದವಿಯನ್ನೂ ಪಡೆದಿದ್ದೇನೆ. ಮೂರನೆಯ ಸೆಮಿಸ್ಟರಿನ ಗಣಿತದಲ್ಲಿ ಮೊದಲ ಸಲ ಅನುತ್ತೀರ್ಣಳಾಗಿ, ಎರಡನೆಯ ಸಲ ಉತ್ತೀರ್ಣಳಾದೆ.

'ಇದು ನನ್ನ ಮೊದಲ ಹುದ್ದೆಯಾಗುತ್ತದೆ. ತಾಯಿಯ ಆರೈಕೆಗಾಗಿ ಒಂದು ವರ್ಷ ಮನೆಯಲ್ಲಿದ್ದಾಗ 8 ಮತ್ತು 9ನೆಯ ತರಗತಿಯ 11 ಮಕ್ಕಳಿಗೆ ಗಣಿತದ ಮನೆಪಾಠ ಹೇಳಿದ್ದೇನೆ. ಬಿ.ಎಡ್. ಅಭ್ಯಾಸದ 16 ವಾರಗಳಲ್ಲಿ ನಮ್ಮ ರಸ್ತೆಯ ಅದಿರಿಗೆ ಆಯಸ್ಕಾಂತ ಹಿಡಿದು ತೋರಿಸಲು ಹೋದಾಗ ಅದು ಅಂಟಲಿಲ್ಲ. ಕಾರಣವನ್ನು ತಿಳಿದು, ಮರುದಿನ ಅದೇ ಅದಿರನ್ನು ಇದ್ದಿಲೊಡನೆ ಕಾಯಿಸಿ ತಂದು ಪಾಠವನ್ನು ಪೂರೈಸಿದೆ. ಆ ಎರಡು ದಿನಗಳ ಪಾಠಯೋಜನೆಯನ್ನು ಲಗತ್ತಿಸಿದ್ದೇನೆ.

'ಶಾಲಾ ನಾಟಕಗಳ ತಾಲೀಮಿಗೆ ನೆರವಾಗಬಲ್ಲೆ. ಇದೇ ಊರಿನಲ್ಲಿ ವಾಸವಾಗಿದ್ದು, ಜೂನ್ ಮೊದಲ ದಿನದಿಂದ ಕೆಲಸಕ್ಕೆ ಹಾಜರಾಗಬಲ್ಲೆ. ಪ್ರಾಯೋಗಿಕ ಪಾಠಕ್ಕೆ ತಾವು ಕರೆದ ದಿನ ಬರುತ್ತೇನೆ. ತಮ್ಮ ವಿಶ್ವಾಸಿ.'

ಹಿಂದಿನ ಪತ್ರ ಎರಡು ಪುಟವಿತ್ತು, ಇದು ಒಂದು ಪುಟವಾಯಿತು. 'ವಿನಮ್ರ' ಎಂಬ ಮಾತು ಒಂದೂ ಇಲ್ಲವಲ್ಲ ಎಂದು ಅವಳಿಗೆ ಅಳುಕು. ಹೆಸರು, ವಿಳಾಸ, ದೂರವಾಣಿ ಸಂಖ್ಯೆಯನ್ನು ಮೇಲೆಯೂ, ಲಗತ್ತುಗಳ ಪಟ್ಟಿಯನ್ನು ಕೆಳಗೂ ಬರೆದು, ಪಟ್ಟಿಯ ಕ್ರಮದಲ್ಲಿಯೇ ಕಾಗದಗಳನ್ನು ಜೋಡಿಸಲು ಹೇಳಿದೆವು. ಮೂಲ ಅಂಕಪಟ್ಟಿಗಳನ್ನು ಯಾರಿಗೂ ಕೊಡಬಾರದು, ಸಂದರ್ಶನದ ದಿನ ತೋರಿಸಿ ಮರಳಿ ತರಬೇಕು. ಮೂಲ ಪತ್ರಗಳನ್ನು ಒತ್ತೆಯಿಟ್ಟುಕೊಂಡು ವರ್ಷಗಟ್ಟಲೆ ದುಡಿಸಿಕೊಂಡ ಸಂಸ್ಥೆಗಳನ್ನೂ ನಾವು ಕೇಳಿಬಲ್ಲೆವು.

ಒಳ್ಳೆಯ ಪತ್ರದಿಂದ ಹುದ್ದೆ ದೊರೆತೇ ತೀರುತ್ತದೆಂದು ಅವಳಿಗೆ ನಾವು ಹೇಳಲಿಲ್ಲ. ಮೂರು ವರ್ಷ ಕಲಿಸಿದ ಅನುಭವವುಳ್ಳವರೊಬ್ಬರು ಅರ್ಜಿ ಹಾಕಿದರೆ ಸಮಿತಿ ಅತ್ತ ಒಲಿಯುವುದು ಸಹಜ. ಪತ್ರ ಮಾಡುವ ಕೆಲಸ ಇಷ್ಟೇ, ಅಭ್ಯರ್ಥಿಯನ್ನು ಪ್ರಾಯೋಗಿಕ ಪಾಠದ ಕರಿಹಲಗೆಯವರೆಗೆ ಕರೆದೊಯ್ಯುವುದು.

ಎಂಟು ದಿನಗಳ ತರುವಾಯ ಅವಳು ದೂರವಾಣಿ ಮಾಡಿದಳು. ಶನಿವಾರ ಪಾಠಕ್ಕೆ ಬರಹೇಳಿದ್ದಾರೆ, ಸಮೀಕರಣಗಳ ಪಾಠ ಸಿದ್ಧಮಾಡಿಕೊಂಡಿದ್ದೆ, ಆದರೆ ಮುಖ್ಯೋಪಾಧ್ಯಾಯರು ಫೋನಿನಲ್ಲಿ ಬೇರೆಯೇ ಹೇಳಿದರು ಎಂದಳು. 'ಏನೆಂದರು?' ಎಂದು ಕೇಳಿದೆವು.

'ಬರುವಾಗ ಆಯಸ್ಕಾಂತ ತಗೊಂಡು ಬಾರಮ್ಮ, ಅದಿರು ನಮ್ಮ ಗೇಟಿನ ಮುಂದೇ ಬಿದ್ದೈತಿ ಅಂದ್ರು, ಅಜ್ಜಾರ.'