ಹದಿನಾರು ಗಿಟಾರುಗಳ ಕೆಳಗೊಂದು ದನಿ

ಕಳೆದ ಮಳೆಗಾಲದಲ್ಲಿ ನನ್ನ ಗೆಳತಿಯೊಬ್ಬಳು ಒಂದು ಹಾಡನ್ನು ನನ್ನ ಕೈಗೆ ಕೊಟ್ಟಳು. ಅವಳೂ ನನ್ನ ಹಾಗೆಯೇ ಪಿಎಚ್‌ಡಿ ಮಾಡುತ್ತಿದ್ದವಳು, ಆದರೆ ನನಗಿಂತ ಮೊದಲೇ ಪ್ರಬಂಧ ಸಲ್ಲಿಸಿ ಊರು ಬಿಡುವ ತಯಾರಿಯಲ್ಲಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಬರೆದುಕೊಂಡ ನಾಲ್ಕು ಸಾಲು. ಹಳ್ಳಿಮನೆಯ ಮುಂದಿನ ಕಟ್ಟೆ, ಅಲ್ಲಿ ಕೂತು ಅಜ್ಜಿ ಹೇಳುತ್ತಿದ್ದ ಮಾತು, ಅಷ್ಟೆ. ರಾತ್ರಿ ಹನ್ನೊಂದರ ಹೊತ್ತಿಗೆ ಹಾಸ್ಟೆಲಿನ ಫ್ಯಾನು ಆಫ್ ಮಾಡಿ, ಕಿಟಕಿಗೆ ಕಂಬಳಿ ಕಟ್ಟಿ ಅವಳ ದನಿಯನ್ನು ರೆಕಾರ್ಡ್ ಮಾಡಿದೆವು. 'ನಿನ್ನ ಗಿಟಾರು ಹಾಕು. ಆ ನಿನ್ನ ಗೋಡೆ ಅಂತೀಯಲ್ಲ, ಅದನ್ನೇ ಕಟ್ಟು' ಎಂದಳು.

ಆ ಗೋಡೆಯ ಹುಚ್ಚು ನನಗೆ ಹಿಡಿದದ್ದು ಎಂ.ಎ. ದಿನಗಳಲ್ಲಿ. ಶೂಗೇಜ್ ಎಂಬುದು 1990ರ ಆಸುಪಾಸಿನಲ್ಲಿ ಬ್ರಿಟನ್ನಿನ ಸಂಗೀತ ಪತ್ರಿಕೆಗಳು ಕೆಲವು ಬ್ಯಾಂಡುಗಳಿಗೆ ಗೇಲಿಯಾಗಿ ಇಟ್ಟ ಹೆಸರು. ವೇದಿಕೆಯ ಮೇಲೆ ಜನರ ಕಡೆ ನೋಡದೆ ಸದಾ ತಮ್ಮ ಬೂಟುಗಳನ್ನೇ ನೋಡುತ್ತಾರೆ ಎಂಬ ಗೇಲಿ ಅದು. ಬೂಟಿನ ಪಕ್ಕದಲ್ಲಿ ಸಾಲಾಗಿ ಪೆಡಲುಗಳಿರುತ್ತಿದ್ದವು, ಕಾಲಿನಿಂದ ಅವುಗಳನ್ನು ಒತ್ತಬೇಕಿತ್ತು. ಈ ಬಗೆಯ ಸಂಗೀತದಲ್ಲಿ ಎಲ್ಲರೂ ಬೆರಳು ತೋರಿಸುವ ಆಲ್ಬಮ್ ಎಂದರೆ ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ 'ಲವ್‌ಲೆಸ್', 1991ರದು. ಅದನ್ನು ಮೊದಲ ಸಲ ಇಯರ್‌ಫೋನಿನಲ್ಲಿ ಕೇಳಿದಾಗ ಇದರಲ್ಲಿ ನೂರಾರು ಗಿಟಾರುಗಳಿವೆ ಎಂದೇ ನಂಬಿದ್ದೆ. ಹಾಗೆ ನಂಬಿದವರು ಬಹಳ ಜನ.

ಆ ನಂಬಿಕೆಯಿಂದಲೇ ಕೆಲಸ ಶುರು ಮಾಡಿದೆ. ಒಂದು ಗಿಟಾರು ಬಾರಿಸಿ ರೆಕಾರ್ಡ್ ಮಾಡಿದೆ. ಅದೇ ಕಾರ್ಡುಗಳನ್ನು ಮತ್ತೆ ಬಾರಿಸಿ ಅದರ ಮೇಲೆ ಇಟ್ಟೆ, ಮತ್ತೊಂದು, ಮಗದೊಂದು. ನಾಲ್ಕು ರಾತ್ರಿಗಳಲ್ಲಿ 16 ಪದರಗಳಾದವು. ಎಲ್ಲದಕ್ಕೂ ಫಜ್, ಎಲ್ಲದಕ್ಕೂ ರಿವರ್ಬ್. ಹೆಡ್‌ಫೋನಿನಲ್ಲಿ ಜೋರಾಗಿ ಇಟ್ಟು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಐದನೆಯ ದಿನ ಗೆಳತಿಗೆ ಕಳಿಸಿದೆ. ಸಂಜೆ ಕ್ಯಾಂಟೀನಿನಲ್ಲಿ ಸಿಕ್ಕಳು.

'ಚೆನ್ನಾಗಿದೆ ಕಣೋ. ಆದ್ರೆ ಇದ್ರಲ್ಲಿ ನಾನೆಲ್ಲಿದೀನಿ?'

ಉತ್ತರ ಹೊಳೆಯಲಿಲ್ಲ. ಅವಳ ದನಿಯನ್ನು ಏರಿಸಿ ನೋಡಿದೆ. ಆಗ ಅದು ಗೋಡೆಯ ಮುಂದೆ ಮೈಕು ಹಿಡಿದು ನಿಂತ ಭಾಷಣಕಾರರ ಹಾಗೆ ಕೇಳಿತು. ಇಳಿಸಿದರೆ ಮುಳುಗಿತು. ಕೊನೆಗೆ ದನಿಯನ್ನು ಪೂರ್ತಿ ತೆಗೆದು, ವಾಲ್ಯೂಮನ್ನು ಪಿಸುಮಾತಿನಷ್ಟಕ್ಕೆ ಇಳಿಸಿ ಗಿಟಾರುಗಳನ್ನಷ್ಟೇ ಕೇಳಿದೆ. ಗೋಡೆ ಇರಲಿಲ್ಲ. ದೂರದಲ್ಲಿ ಎಲ್ಲೋ ಮಿಕ್ಸಿ ತಿರುಗುತ್ತಿದ್ದ ಹಾಗಿತ್ತು. ಅಷ್ಟು ದಿನ ನನಗೆ ಗೋಡೆ ಅನ್ನಿಸಿದ್ದು ಬರೀ ವಾಲ್ಯೂಮು. ಈಗಲೂ ನನ್ನ ಮೊದಲ ಪರೀಕ್ಷೆ ಇದೇ: ಮೆಲ್ಲಗೆ ಇಟ್ಟಾಗಲೂ ಸದ್ದು ದೊಡ್ಡದಾಗಿ ಕಾಣಬೇಕು. ಇಲ್ಲದಿದ್ದರೆ ಅದು ಕಿವಿಗೆ ಕೊಟ್ಟ ಪೆಟ್ಟು ಮಾತ್ರ.

ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾ ಹೋದಾಗ ನನಗೆ ತಿಳಿದ ಮೊದಲ ಸಂಗತಿ, ಲವ್‌ಲೆಸ್‌ನಲ್ಲಿ ನೂರಾರು ಗಿಟಾರುಗಳಿಲ್ಲ ಎಂಬುದು. ಅದನ್ನು ಕಟ್ಟಿದ ಕೆವಿನ್ ಶೀಲ್ಡ್ಸ್ ಅವರೇ, ಜನ ಎಣಿಸಿದ್ದಕ್ಕಿಂತ ಬಹಳ ಕಡಿಮೆ ಗಿಟಾರು ಪದರಗಳು ಅದರಲ್ಲಿವೆ ಎಂದು ಸಂದರ್ಶನಗಳಲ್ಲಿ ಹೇಳಿದ್ದಾರೆ. ಲೆಕ್ಕ ಹಾಕಿದರೆ ಇದು ಸರಿಯೇ. ಒಂದೇ ಭಾಗವನ್ನು ಬೇರೆ ಬೇರೆಯಾಗಿ ಬಾರಿಸಿ ಸೇರಿಸಿದಾಗ, ಪದರಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 3 ಡೆಸಿಬಲ್ ಏರುತ್ತದೆ. ಒಂದರಿಂದ 16ಕ್ಕೆ ಹೋಗಲು ನಾಲ್ಕು ಸಲ ಎರಡು ಪಟ್ಟಾಗಬೇಕು, ಅಂದರೆ 12 ಡೆಸಿಬಲ್. ಕಿವಿಗೆ ಸದ್ದು ಎರಡು ಪಟ್ಟಾಯಿತು ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು. ನಾಲ್ಕು ರಾತ್ರಿ ನಿದ್ದೆಗೆಟ್ಟು ನಾನು ಗಳಿಸಿದ್ದು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅದನ್ನೂ ಫೈಲು ಒಡೆಯದಿರಲೆಂದು ಮತ್ತೆ ಇಳಿಸಿಬಿಟ್ಟಿದ್ದೆ.

ಕಳೆದುಕೊಂಡದ್ದು ಇದಕ್ಕಿಂತ ದೊಡ್ಡದು. ಶೀಲ್ಡ್ಸ್ ಬಾರಿಸುವ ಬಗೆಯಲ್ಲಿ ಮುಖ್ಯವಾದದ್ದು ಗಿಟಾರಿನ ಟ್ರೆಮೊಲೊ ಆರ್ಮ್, ಅಂದರೆ ತಂತಿಗಳ ಬಿಗಿಯನ್ನು ಒಟ್ಟಿಗೆ ಏರಿಸಿ ಇಳಿಸುವ ಸಣ್ಣ ಸರಳು. ಹೆಚ್ಚಿನವರು ಸ್ವರ ಬಾರಿಸಿದ ಮೇಲೆ ಅದನ್ನು ಅಲ್ಲಾಡಿಸುತ್ತಾರೆ. ಇವರು ಫೆಂಡರ್ ಜಾಝ್‌ಮಾಸ್ಟರ್ ಗಿಟಾರಿನ ಆ ಸರಳನ್ನು ಅಂಗೈಯಲ್ಲಿ ಹಗುರವಾಗಿ ಹಿಡಿದುಕೊಂಡೇ ಕಾರ್ಡು ಬಾರಿಸುತ್ತಾರೆ. ಕೈ ಮೇಲೆ ಕೆಳಗೆ ಹೋದ ಹಾಗೆ ಇಡೀ ಕಾರ್ಡು ಒಂದಿಷ್ಟು ಇಳಿದು ಮತ್ತೆ ಏರುತ್ತದೆ. ಎಲ್ಲ ತಂತಿಗಳೂ ಒಂದೇ ಅಳತೆಯಲ್ಲಿ ಜಾರುವುದಿಲ್ಲ, ಕೆಲವು ಹೆಚ್ಚು, ಕೆಲವು ಕಡಿಮೆ. ಹಾಗಾಗಿ ಕಾರ್ಡು ತನ್ನೊಳಗೇ ಶ್ರುತಿ ತಪ್ಪಿ ಮತ್ತೆ ಕೂಡಿಕೊಳ್ಳುತ್ತದೆ. ತಂಬೂರಿಯ ಎರಡು ತಂತಿಗಳು ಕೂದಲೆಳೆಯಷ್ಟು ಬೇರೆಯಾಗಿದ್ದಾಗ ನಡುವೆ ಒಂದು ಅಲೆ ಏಳುತ್ತದಲ್ಲ, ಅಂಥ ಅಲೆಗಳು ಇಲ್ಲಿ ಹತ್ತಾರು.

ಒಂದೋ ಎರಡೋ ಗಿಟಾರು ಹೀಗೆ ತೂಗಿದರೆ ಇಡೀ ಗೋಡೆ ತೂಗಿದ ಹಾಗೆ ಕೇಳುತ್ತದೆ. ನನ್ನ 16 ಪದರಗಳಲ್ಲಿ ಒಂದು ಏರುವಾಗ ಇನ್ನೊಂದು ಇಳಿಯುತ್ತಿತ್ತು, ಮೂರನೆಯದು ನಡುವೆ ಎಲ್ಲೋ. ಎಲ್ಲ ಸೇರಿ ತೂಗಾಟವೇ ಅಳಿಸಿ ಹೋಗಿ ಒಂದು ಮಸುಕು ಉಳಿದಿತ್ತು. ನಾನು ಹೇರುತ್ತಾ ಹೋದಷ್ಟೂ ಗೋಡೆ ಸಣ್ಣದಾಗುತ್ತಿತ್ತು.

16 ಫೈಲುಗಳನ್ನೂ ಬೇರೆ ಫೋಲ್ಡರಿಗೆ ಹಾಕಿ ಮತ್ತೆ ಶುರು ಮಾಡಿದೆ. ನನ್ನದು ಸೆಕೆಂಡ್ ಹ್ಯಾಂಡ್ ಸ್ಟ್ರಾಟ್ ಮಾದರಿಯ ಗಿಟಾರು, ಜಾಝ್‌ಮಾಸ್ಟರಿನಷ್ಟು ಹಗುರವಾಗಿ ಅದರ ಸರಳು ತೂಗುವುದಿಲ್ಲ. ಹಿಂಬದಿಯ ಸ್ಪ್ರಿಂಗುಗಳನ್ನು ಸಡಿಲಿಸಿ, ಬ್ರಿಡ್ಜು ಮರದಿಂದ ಚೂರು ಮೇಲೇಳುವಂತೆ ಮಾಡಿದೆ. ಇದಕ್ಕೆ ತೆತ್ತ ಬೆಲೆ ಎಂದರೆ ಪ್ರತಿ ಟೇಕಿಗೂ ಮೊದಲು ಶ್ರುತಿ ನೋಡಲೇಬೇಕಾಯಿತು.

ಇನ್ನು ಪೆಡಲುಗಳ ಸಾಲು. ಇದುವರೆಗೆ ನಾನು ಇಟ್ಟಿದ್ದು ಎಲ್ಲರೂ ಹೇಳಿಕೊಡುವ ಕ್ರಮ: ಗಿಟಾರು, ಫಜ್, ಆಮೇಲೆ ರಿವರ್ಬ್. ಹೀಗಿಟ್ಟರೆ ಒಡೆದ ಸದ್ದೊಂದು ದೊಡ್ಡ ಸಭಾಂಗಣದಲ್ಲಿ ಮೊಳಗಿದ ಹಾಗಿರುತ್ತದೆ. ಪ್ರತಿ ಹೊಡೆತ ಸ್ಪಷ್ಟ, ಅದರ ಬಾಲ ಕ್ರಮೇಣ ಕ್ಷೀಣ, ನಡುವೆ ಖಾಲಿ ಜಾಗ. ಗೋಡೆಯಲ್ಲಿ ತೂತುಗಳು. ಕ್ರಮವನ್ನು ತಿರುಗಿಸಿ ರಿವರ್ಬನ್ನು ಮೊದಲು, ಫಜ್ಜನ್ನು ಆಮೇಲೆ ಇಟ್ಟೆ. ಫಜ್ ಮಾಡುವ ಕೆಲಸ ಎಂದರೆ ಅಲೆಯ ತುದಿಗಳನ್ನು ಕತ್ತರಿಸಿ, ಸಣ್ಣ ಸದ್ದನ್ನೂ ದೊಡ್ಡದರ ಮಟ್ಟಕ್ಕೆ ಎತ್ತುವುದು. ಈಗ ಅದು ರಿವರ್ಬಿನ ಕ್ಷೀಣ ಬಾಲವನ್ನೂ ಕಾರ್ಡಿನಷ್ಟೇ ಎತ್ತರಕ್ಕೆ ಎಳೆಯಿತು. ತೂತುಗಳು ಮುಚ್ಚಿಕೊಂಡವು.

ಜೊತೆಗೆ ಇನ್ನೊಂದು ತೊಂದರೆ ಬಂತು. ಎರಡು ಸ್ವರ ಒಟ್ಟಿಗೆ ಫಜ್ಜಿನೊಳಗೆ ಹೋದರೆ, ಅವುಗಳ ಮೊತ್ತ ಮತ್ತು ವ್ಯತ್ಯಾಸದ ಹೊಸ ಸ್ವರಗಳು ಹುಟ್ಟುತ್ತವೆ. 220 ಮತ್ತು 330 ಹರ್ಟ್ಸ್ ಹೋದರೆ 110 ಬರುತ್ತದೆ. ಅದು 220ರ ಕೆಳಗಿನ ಸ್ಥಾಯಿ, ಕಾರ್ಡಿಗೆ ಅಡಿಪಾಯವಾಗುತ್ತದೆ. 220ರ ಜೊತೆ 277 ಹೋದರೆ ಹುಟ್ಟುವುದು 57, ಅದು ಆ ಕಾರ್ಡಿನ ಯಾವ ಸ್ವರಕ್ಕೂ ಸರಿಯಾಗಿ ಕೂಡದು. ಈಗ ಹಿಂದಿನ ಕಾರ್ಡಿನ ಬಾಲವೂ ಹೊಸ ಕಾರ್ಡಿನ ಜೊತೆ ಫಜ್ಜಿನೊಳಗೆ ಹೋಗುತ್ತಿತ್ತಾದ್ದರಿಂದ, ಇಂಥ ಅನಾಥ ಸ್ವರಗಳು ತುಂಬಿ ಸದ್ದು ಕೆಸರಾಯಿತು. ಕೆಸರಾಗುತ್ತಿದೆ ಎಂದು ತಿಳಿಯುವುದು ಕಾರ್ಡು ಬದಲಾಗುವ ಗಳಿಗೆಯಲ್ಲಿ. ಯಾವ ಕಾರ್ಡಿಗೆ ಹೋದೆವು ಎಂಬುದು ಕ್ಷಣಕಾಲ ಗೊತ್ತೇ ಆಗುವುದಿಲ್ಲ. ಪರಿಹಾರ ಸರಳ: ಸ್ವರಗಳನ್ನು ಕಡಿಮೆ ಮಾಡಿದೆ. ಆರು ತಂತಿಯ ಬದಲು ಮೂರು. ಎಲ್ಲ ಕಾರ್ಡುಗಳಲ್ಲೂ ಒಂದು ತಂತಿ ಬದಲಾಗದೆ ಹಾಗೇ ಮೊಳಗುವಂತೆ ನೋಡಿಕೊಂಡೆ.

ಕೊನೆಯದು, ದನಿಯನ್ನು ವಾಪಸು ತಂದುಕೊಟ್ಟ ಹೆಜ್ಜೆ. ಶೀಲ್ಡ್ಸ್ ಬಳಸಿದ್ದು ಯಮಾಹಾ ಎಸ್‌ಪಿಎಕ್ಸ್90ರಂಥ ಯಂತ್ರಗಳಲ್ಲಿದ್ದ ರಿವರ್ಸ್ ರಿವರ್ಬ್. ಸಾಮಾನ್ಯ ರಿವರ್ಬಿನಲ್ಲಿ ಹೊಡೆತ ಮೊದಲು, ಮೊಳಗು ಆಮೇಲೆ. ಇದರಲ್ಲಿ ಸದ್ದು ಮೆಲ್ಲಗೆ ಉಬ್ಬಿ ತಟ್ಟನೆ ನಿಲ್ಲುತ್ತದೆ. ಮೂಲ ಗಿಟಾರನ್ನು ಪೂರ್ತಿ ತೆಗೆದು ಈ ಉಬ್ಬನ್ನು ಮಾತ್ರ ಫಜ್ಜಿಗೆ ಕಳಿಸಿದರೆ, ತಂತಿಗೆ ಪಿಕ್ ತಾಗಿದ ಸದ್ದೇ ಮಾಯವಾಗುತ್ತದೆ. ನನ್ನ ಪೆಡಲಿನಲ್ಲೂ ಅಂಥದ್ದೊಂದು ಸೆಟ್ಟಿಂಗ್ ಇತ್ತು. ಮೊದಲ ಟೇಕಿನಲ್ಲಿ ಗಿಟಾರು ಹಾಡಿಗಿಂತ ಹಿಂದೆ ಬಿದ್ದಿತು, ಉಬ್ಬು ತುಂಬಿಕೊಳ್ಳಲು ಸಮಯ ಬೇಕಲ್ಲ. ಹಾಡಿನ ವೇಗ ನಿಮಿಷಕ್ಕೆ 75 ಬೀಟು, ಅಂದರೆ ಒಂದು ಬೀಟಿಗೆ 800 ಮಿಲಿಸೆಕೆಂಡ್. ಉಬ್ಬನ್ನು 400ಕ್ಕೆ ಇಟ್ಟು, ಪ್ರತಿ ಕಾರ್ಡನ್ನೂ ಅರ್ಧ ಬೀಟು ಮೊದಲೇ ಬಾರಿಸುವುದನ್ನು ರೂಢಿ ಮಾಡಿಕೊಂಡೆ. ಆಗ ಉಬ್ಬಿನ ತುದಿ ಸರಿಯಾಗಿ ಬೀಟಿನ ಮೇಲೆ ಕೂತಿತು.

ಒಂದು ಗಿಟಾರು ಎಡಕ್ಕೆ, ಒಂದು ಬಲಕ್ಕೆ. ಎರಡೇ. ಗೆಳತಿಯ ದನಿಯನ್ನು ಮೊದಲಿನಷ್ಟೇ ಕೆಳಗಿಟ್ಟು ಕೇಳಿದೆ. ದನಿ ಮೇಲೆ ಬರಲಿಲ್ಲ, ಆದರೆ ಮುಳುಗಲೂ ಇಲ್ಲ. ಏಕೆಂದು ಮೂರ್ನಾಲ್ಕು ಸಲ ಕೇಳಿದ ಮೇಲೆ ತಿಳಿಯಿತು. ಗಿಟಾರಿನಲ್ಲಿ ಹೊಡೆತದ ಅಂಚುಗಳೇ ಇರಲಿಲ್ಲ. ಇಡೀ ಹಾಡಿನಲ್ಲಿ ಈಗ ಅಂಚುಳ್ಳ ಸದ್ದು ಎಂದರೆ ಅವಳ ಬಾಯಿಯ ಕ, ಟ, ಚ ಮಾತ್ರ. ಸ್ವರಗಳು ಗೋಡೆಯೊಳಗೆ ಕರಗುತ್ತಿದ್ದವು, ವ್ಯಂಜನಗಳು ಹೊರಗೆ ಚಾಚಿಕೊಳ್ಳುತ್ತಿದ್ದವು. 'ಕಟ್ಟೆ' ಎಂಬ ಪದ ಪ್ರತಿ ಸಲವೂ ಕಲ್ಲಿನ ಹಾಗೆ ಕೈಗೆ ಸಿಗುತ್ತಿತ್ತು. ಹಿಂದಿನ ಸಲ ನನ್ನ 16 ಗಿಟಾರುಗಳ ಪಿಕ್ಕಿನ ಸದ್ದು ಇದೇ ಅಂಚುಗಳ ಮೇಲೆ ಬಿದ್ದು ಅವನ್ನು ಅರೆದುಹಾಕಿತ್ತು. ಅವಳನ್ನು ಮುಳುಗಿಸಿದ್ದು ಸದ್ದಿನ ಪ್ರಮಾಣವಲ್ಲ.

ಅವಳು ರೈಲು ಹತ್ತುವ ಹಿಂದಿನ ದಿನ ಕೇಳಿಸಿದೆ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ಒಂದೊಂದು ಇಯರ್‌ಫೋನು ಹಂಚಿಕೊಂಡು ಕೇಳಿದೆವು. ಹಾಗೆ ಹಂಚಿಕೊಂಡರೆ ಅರ್ಧ ಗೋಡೆ ಮಾತ್ರ ಕೇಳುತ್ತದೆ, ಅವಳಿಗೆ ಎಡದ್ದು, ನನಗೆ ಬಲದ್ದು. ಅವಳು ಎರಡನ್ನೂ ಕಿತ್ತುಕೊಂಡು ಮತ್ತೆ ಮೊದಲಿಂದ ಹಾಕಿದಳು. ಮುಗಿದ ಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ.

'ಅಜ್ಜಿ ಇಷ್ಟು ಮೆತ್ತಗೆ ಯಾವತ್ತೂ ಮಾತಾಡ್ತಿರ್ಲಿಲ್ಲ. ಆದ್ರೂ ಇರ್ಲಿ, ಕೇಳಿಸ್ತಾಳೆ' ಎಂದಳು.

ಆ 16 ಫೈಲುಗಳ ಫೋಲ್ಡರು ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಒಂದೊಂದನ್ನೇ ಬಿಡಿಯಾಗಿ ಕೇಳಿದರೆ ಯಾವುದೂ ಕೆಟ್ಟದಾಗಿಲ್ಲ. ಅಳಿಸಲು ಮನಸ್ಸು ಬಂದಿಲ್ಲ.