ಕಮಲಾಪುರದ ಜನನ ಪತ್ರ, ಟ್ಯೂರಿನ್ನಿನ ಪ್ರಮಾಣ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಟಲಿಯ ಟ್ಯೂರಿನ್ನಿನಲ್ಲಿ ಉದ್ಯೋಗದಲ್ಲಿದ್ದಾನೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು 2012ರಲ್ಲಿ ಕಮಲಾಪುರದಲ್ಲಿ ಜನಿಸಿದ ಮಗನ ಜನನ ಪ್ರಮಾಣಪತ್ರ ಬೇಕಾಯಿತು. ಕಲಬುರಗಿಯಲ್ಲಿರುವ ನನಗೆ ಫೋನು ಮಾಡಿ, "ಸರ್, ಸ್ವಲ್ಪ ನೋಡಿಕೊಳ್ಳಿ" ಎಂದ. ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲಿದ್ದ ಪತ್ರಕ್ಕೆ ಲ್ಯಾಮಿನೇಷನ್ ಆಗಿತ್ತು. ಅಂಥದರ ಮೇಲೆ ಮೊಹರು ಕೂರದು. ಆದ್ದರಿಂದ ಹೊಸ ಪ್ರತಿ ಪಡೆದೆವು. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಚೀಟಿ. ಭಾರತ 2005ರಲ್ಲಿ ಹೇಗ್ ಒಪ್ಪಂದಕ್ಕೆ ಸೇರಿದ್ದರಿಂದ ಇಟಲಿಗೆ ಈ ಚೀಟಿಯೇ ಸಾಕು. ಆದರೆ ಅದು ದೃಢಪಡಿಸುವುದು ಸಹಿ ಮತ್ತು ಮೊಹರನ್ನು ಮಾತ್ರ. ಒಳಗೆ ಬರೆದದ್ದು ಸರಿಯೆಂದು ಅದು ಹೇಳುವುದಿಲ್ಲ.

ಅನುವಾದ ಇದಾದ ಮೇಲಿನ ಕೆಲಸ. ಮೊದಲೇ ಮಾಡಿಸಿದರೆ ಅಪೊಸ್ಟಿಲ್ ಅನುವಾದವಾಗದೆ ಉಳಿದು ಕಡತ ಹಿಂದಿರುಗುವ ಸಂಭವವಿದೆ. ದುಂಡನೆಯ ಮೊಹರು, ಓದಲಾಗದ ಸಹಿ, ಹಿಂಬದಿಯ ಚೀಟಿ ಎಲ್ಲವನ್ನೂ ಅನುವಾದಕರು ಚೌಕ ಕಂಸದಲ್ಲಿ ಸೂಚಿಸಬೇಕು.

ತೊಡಕು ಬಂದದ್ದು ಊರಿನ ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ 'ಕಲಬುರಗಿ', ಪತ್ರದಲ್ಲಿ 'ಗುಲ್ಬರ್ಗಾ'. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಪತ್ರದ ನಮೂದು ಅದಕ್ಕೂ ಹಿಂದಿನದು. ಕಮಲಾಪುರ ಕೂಡ ಆಗ ಪ್ರತ್ಯೇಕ ತಾಲ್ಲೂಕಾಗಿರದೆ ಗುಲ್ಬರ್ಗಾ ತಾಲ್ಲೂಕಿನಲ್ಲಿಯೇ ಇತ್ತು. "ಕಲಬುರಗಿ ಎಂದೇ ಬರೆದುಬಿಡಿ" ಎಂದು ಇವನು ಅನುವಾದಕಿಯನ್ನು ಕೇಳಿದ. ಆಕೆ ಒಪ್ಪಲಿಲ್ಲ.

ಆಕೆಯ ನಿಲುವು ಸರಿಯಾದುದೇ. ಅನುವಾದಕರು ನ್ಯಾಯಾಲಯದ ಕಚೇರಿಗೆ ಸ್ವತಃ ಹೋಗಿ, ಮೂಲಕ್ಕೆ ನಿಷ್ಠವಾಗಿ ಅನುವಾದಿಸಿದ್ದೇನೆಂದು ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕುತ್ತಾರೆ. ತನ್ನ ಕಾಗದಕ್ಕೆ ತಾನೇ ಅನುವಾದಕನಾಗುವಂತಿಲ್ಲ. ಮೂಲ, ಅನುವಾದ, ಪ್ರಮಾಣದ ಹಾಳೆ ಮೂರನ್ನೂ ಜೋಡಿಸಿ, ಹಾಳೆಗಳು ಕೂಡುವೆಡೆ ಮೊಹರು ಒತ್ತುತ್ತಾರೆ. ಸಾಮಾನ್ಯವಾಗಿ ಅನುವಾದದ ನಾಲ್ಕು ಪುಟಕ್ಕೊಂದರಂತೆ 16 ಯೂರೋಗಳ ರೆವಿನ್ಯೂ ಸ್ಟಾಂಪು ಹಚ್ಚಬೇಕು. ಹೀಗೆ ಪ್ರಮಾಣ ಮಾಡಿದವರು ಮೂಲದಲ್ಲಿಲ್ಲದ ಹೆಸರನ್ನು ಬರೆದರೆ ಅದು ಸುಳ್ಳು ಪ್ರಮಾಣವಾಗುತ್ತದೆ.

ಕೊನೆಗೆ ಆಕೆ 'ಗುಲ್ಬರ್ಗಾ' ಎಂದೇ ಉಳಿಸಿ, ಕೆಳಗೆ ಅನುವಾದಕರ ಟಿಪ್ಪಣಿಯೆಂದು ಬೇರೆಯಾಗಿ, ಈ ನಗರವನ್ನು 2014ರಿಂದ ಕಲಬುರಗಿ ಎನ್ನುತ್ತಾರೆಂದು ಬರೆದರು. ಹೆಸರು ಬದಲಾವಣೆಯ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನೂ ಜೊತೆಗಿಡಲು ಹೇಳಿದರು. ಕಡತ ಅಂಗೀಕಾರವಾಯಿತು.

ನಿಮ್ಮಲ್ಲಿ ಯಾರಾದರೂ ಹೊರಡುವವರಿದ್ದರೆ, ಪಾಸ್‌ಪೋರ್ಟನ್ನೂ ಜನನ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿರಿ. ತಂದೆಯ ಹೆಸರಿನಲ್ಲೋ ಮನೆತನದ ಹೆಸರಿನಲ್ಲೋ ತಪ್ಪಿದ್ದರೆ ನೋಂದಣಾಧಿಕಾರಿಯ ಬಳಿ ಅಪೊಸ್ಟಿಲ್‌ಗೆ ಮೊದಲೇ ತಿದ್ದಿಸಿಕೊಳ್ಳಿರಿ. ಚೀಟಿ ಅಂಟಿದ ಮೇಲೆ ಒಂದಕ್ಷರ ತಿದ್ದಬೇಕಾದರೂ ಮತ್ತೆ ಹೊಸ ಪ್ರತಿಯಿಂದಲೇ ಆರಂಭಿಸಬೇಕಾಗುತ್ತದೆ.